ಹಳಸದೇ ಇರೋ ಅನ್ನವೂ ಕೈಕೊಡುತ್ತೆ

ನಂಜನಗೂಡಿನ ದೊಡ್ಡ ಜಾತ್ರೆ ಅಂದ್ರೆ ನಮ್ಮನೇಲಿ ಒಲೆ ಆರೋದೇ ಇಲ್ಲ. ಒಂದ್ಸಲ ಐದೂ ತೇರು ನೋಡೋಕೆ ಅಂತ ತವರೂರು ತಿ. ನರಸೀಪುರದಿಂದ ನನ್ನ ತಂಗಿ ಸಂಸಾರ ಸಮೇತ ಬಂದಿದ್ಲು. ಮಧ್ಯಾಹ್ನಕ್ಕೆ ಎರಡು ಕೇಜಿ ಅಕ್ಕಿ ಅನ್ನ ಮಾಡಿದ್ದೆ, ಅರ್ಧಕ್ಕರ್ಧ ಉಳೀತು. ತಪ್ಪಲೆಗೆ ಮುಚ್ಚಳ ಮುಚ್ಚಿ ಕಟ್ಟೆ ಮೇಲೇ ಬಿಟ್ಟೆ. ಬೇಸಿಗೆ ಸೆಕೆ ಬೇರೆ.

ಬೆಳಿಗ್ಗೆ ಮೂಸಿ ನೋಡಿದೆ. ವಾಸನೆ ಇಲ್ಲ, ಅಂಟಿಲ್ಲ. ಒಗ್ಗರಣೆ ಹಾಕಿ, ಬಿಸಿ ಮಾಡಿ, ನಿಂಬೆಹುಳಿ ಹಿಂಡಿ ಚಿತ್ರಾನ್ನ ಕಲಸಿದೆ. ಎಂಟು ಗಂಟೆಗೆ ತಿಂದ್ರು. ಹನ್ನೊಂದಕ್ಕೆಲ್ಲ ತಂಗಿ ಮಗ ವಾಂತಿ ಶುರು ಮಾಡ್ದ, ಹಿಂದೇನೇ ನಮ್ಮೆಜಮಾನ್ರು.

ಡಾಕ್ಟರಮ್ಮ ಮೊದಲು ಕೇಳಿದ್ದೇ, "ಅನ್ನ ಯಾವತ್ತಿಂದು?" ಅಂತ. ಅವರು ಹೇಳಿದ್ದು ಕೇಳಿ ನಂಗೆ ಆಶ್ಚರ್ಯ ಆಯ್ತು. ಬ್ಯಾಸಿಲಸ್ ಸೀರಿಯಸ್ ಅನ್ನೋ ಒಂದು ಸೂಕ್ಷ್ಮಜೀವಿ ಮಣ್ಣಿಂದ ಅಕ್ಕಿಗೆ ಬಂದಿರುತ್ತಂತೆ. ಅದರ ಬೀಜದಂಥ ಕಣ ಅನ್ನ ಕುದಿಯುವಾಗಲೂ ಸಾಯಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತ್ರೆ ಮೊಳೆತು, ಹೆಚ್ಚಿ, ವಿಷ ಬಿಡುತ್ತೆ. ಆ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಒಂದ್ಸಲ ಹುಟ್ಟಿದ್ರೆ ಎಷ್ಟು ಬಿಸಿ ಮಾಡಿದ್ರೂ ಹೋಗಲ್ಲ. ಆಮೇಲೆ ಹಿಂಡಿದ ನಿಂಬೆಹುಳಿಯೂ ಅದನ್ನ ತೆಗೆಯಲ್ಲ. ನಾನು ಮೂಸಿದ್ದೂ ದಂಡ, ಬಿಸಿ ಮಾಡಿದ್ದೂ ದಂಡ!

ತಪ್ಪಾಗಿದ್ದು ಆ ಮುಚ್ಚಿದ ತಪ್ಪಲೇಲಿ. ದೊಡ್ಡ ಪಾತ್ರೆಯ ಅನ್ನ ಮೇಲೆ ತಣ್ಣಗಾದ್ರೂ ನಡುವೆ ರಾತ್ರಿವರೆಗೂ ಬೆಚ್ಚಗೇ ಇರುತ್ತೆ. ಹಾಗೇ ಎತ್ತಿ ಫ್ರಿಜ್ಜಿಗಿಟ್ರೂ ಒಳಗಿನ ಬಿಸಿ ಬೇಗ ಇಳಿಯಲ್ಲ.

ಈಗ ನಾನು ಮಾಡೋದು ಇಷ್ಟೇ. ಊಟ ಮುಗಿದ ತಕ್ಷಣ ಉಳಿದ ಅನ್ನಾನ ಅಗಲವಾದ ತಟ್ಟೇಲಿ ಎರಡು ಬೆರಳು ದಪ್ಪ ಹರಡಿ ಫ್ಯಾನ್ ಕೆಳಗೆ ಇಡ್ತೀನಿ. ಹಬೆ ಹೋಗಿ ಆರಿದ್ಮೇಲೆ ಸಣ್ಣ ಸಣ್ಣ ಡಬ್ಬಿಗೆ ತುಂಬಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸ್ತೀನಿ. ಮಾರನೇ ದಿನವೇ ಖಾಲಿ ಮಾಡ್ತೀನಿ. ಬೇಕಾದಷ್ಟನ್ನೇ ತೆಗೆದು, ಚೂರು ನೀರು ಚಿಮುಕಿಸಿ, ನಡುವಿನ ಅಗುಳಿಂದಲೂ ಹಬೆ ಬರೋವರೆಗೆ ಬಿಸಿ ಮಾಡ್ತೀನಿ. ಒಂದ್ಸಲ ಬಿಸಿ ಮಾಡಿದ್ದನ್ನ ಮತ್ತೆ ಎತ್ತಿಡಲ್ಲ. ರಾತ್ರಿಯೆಲ್ಲ ಹೊರಗಿದ್ದ ಅನ್ನ, ಎಷ್ಟೇ ಚೆನ್ನಾಗಿ ಕಂಡ್ರೂ ಕಸಕ್ಕೆ. ಹಸುವಿಗೂ ಹಾಕಲ್ಲ.

ಅವತ್ತು ಇಬ್ರಿಗೂ ಓಆರ್‌ಎಸ್ ನೀರು ಗುಟುಕು ಗುಟುಕಾಗಿ ಕುಡಿಸಿದ್ವಿ, ಸಂಜೆಗೆ ಚೇತರಿಸ್ಕೊಂಡ್ರು. ವಾಂತಿ ನಿಲ್ಲದಿದ್ರೆ, ಮಗು ಉಚ್ಚೆ ಮಾಡದೆ ಮಂಕಾಗಿ ಮಲಗಿದ್ರೆ ಮನೇಲಿ ಕಾಯಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.

"ಅನ್ನ ಚೆಲ್ಲಬಾರ್ದು ಕಣೆ" ಅಂತಿದ್ರು ನಮ್ಮತ್ತೆ. ನಿಜವೇ. ಅದಕ್ಕೇ ಈಗ ಅರ್ಧ ಪಾವು ಕಮ್ಮಿ ಇಡ್ತೀನಿ.