ಬಾಗಿಲಲ್ಲಿ ನಿಂತ ಅಪ್ಪನಿಗೆ ಮೇಷ್ಟ್ರು ಆಡಬೇಕಾದ ಮೊದಲ ಮಾತು

ಇದನ್ನ ಮೇಷ್ಟ್ರುಗಳು, ಮೇಡಂಗಳು ಓದ್ಲಿ ಅಂತ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ.

ಹೋದ ವರ್ಷ ದಸರಾ ರಜೆ ಮುಗಿದ ವಾರ ನಮ್ಮ ಕೇರಿಯ ಹುಡುಗನೊಬ್ಬ ರಾತ್ರಿ ಮನೆಗೆ ಬಂದ. ಹುಡುಗ ಅಂದ್ರೆ ನನಗೆ ಹುಡುಗ, ಅವನ ಮಗಳು ಆಗ್ಲೇ 9ನೇ ಕ್ಲಾಸು. ಗಾರೆ ಕೆಲಸ ಮಾಡ್ತಾನೆ. "ಅಣ್ಣ, ಸ್ಕೂಲಿಂದ ಫೋನ್ ಬಂದಿತ್ತು. ಮಗಳ ಮಾರ್ಕ್ಸ್ ವಿಷಯ ಮಾತಾಡ್ಬೇಕು, ನಾಡಿದ್ದು ಬನ್ನಿ ಅಂದ್ರು. ನೀನೂ ಬಾ, ನಂಗೆ ಅಲ್ಲಿ ಬಾಯಿ ಬರಲ್ಲ" ಅಂದ. ಮೇಸ್ತ್ರಿ ಹತ್ರ ಕೂಲಿಗಾಗಿ ಗಂಟೆಗಟ್ಟಲೆ ಜಗಳ ಆಡೋನು ಇವನು. ಅಂಥವನಿಗೆ ಸ್ಕೂಲ್ ಬಾಗಿಲಲ್ಲಿ ಬಾಯಿ ಯಾಕೆ ಬರಲ್ಲ ಅನ್ನೋದು ನನಗೆ ಗೊತ್ತು.

ನಾನು 7ನೇ ಕ್ಲಾಸಲ್ಲಿ ಫೇಲಾದಾಗ ನಮ್ಮವ್ವನ್ನ ಕರೆಸಿದ್ರು. ಮೇಷ್ಟ್ರು ಕುರ್ಚಿ ಮೇಲೆ. ಅವ್ವ ಹೊಸಿಲಾಚೆ, ಚಪ್ಪಲಿ ಕಳಚಿ, ಸೆರಗು ಹೊದ್ದು ನಿಂತಿದ್ಲು. "ಸ್ಕಾಲರ್‌ಶಿಪ್ ಬರುತ್ತೆ ಅಂತ ಕಳಿಸ್ತೀರೋ, ಓದ್ಲಿ ಅಂತ ಕಳಿಸ್ತೀರೋ?" ಅಂದ್ರು ಮೇಷ್ಟ್ರು. ಅಲ್ಲಿದ್ದ ಬೇರೆ ಪೋಷಕರು ನಕ್ಕರು. ಅವ್ವ ಎಲ್ಲದಕ್ಕೂ "ಹೂಂ ಬುದ್ಧಿ" ಅಂದ್ಲು, ವಾಪಸ್ ಬಂದ್ಲು. ಆದ್ರೆ ಅವತ್ತು ಅವ್ವ ಒಂದು ಮಾತು ಹೇಳೋಕೆ ಅಂತ್ಲೇ ಹೋಗಿದ್ಲು. ಬೋರ್ಡ್ ಮೇಲಿನ ಅಕ್ಷರ ನನಗೆ ಕಾಣ್ತಿರ್ಲಿಲ್ಲ, ಅದು ಅವಳೊಬ್ಬಳಿಗೇ ಗೊತ್ತಿತ್ತು. ಆ ಮಾತು ಅವಳ ಹೊಟ್ಟೆಯಲ್ಲೇ ಉಳೀತು. ನನಗೆ ಕನ್ನಡಕ ಬಂದದ್ದು ಮೂರು ವರ್ಷ ಆದ್ಮೇಲೆ.

ಅದಕ್ಕೇ ಹೇಳ್ತೀನಿ, ಪೋಷಕರನ್ನ ಚೆನ್ನಾಗಿ ಬರಮಾಡ್ಕೊಳ್ಳೋದು ಬರೀ ಸಭ್ಯತೆಯ ವಿಷಯ ಅಲ್ಲ. ಮಗು ಯಾಕೆ ಹಿಂದೆ ಬಿತ್ತು ಅನ್ನೋದಕ್ಕೆ ಬೇಕಾದ ಅರ್ಧ ವಿಷಯ ಅವರ ಹತ್ರ ಇರುತ್ತೆ. ಬಾಗಿಲಲ್ಲೇ ಅವರ ಬಾಯಿ ಕಟ್ಟಿಹೋದ್ರೆ ಆ ಅರ್ಧ ನಿಮಗೆ ಸಿಗೋದೇ ಇಲ್ಲ.

ಈಗ ಆ ಗಣಿತದ ಮೇಡಂ ಏನು ಮಾಡಿದ್ರು ಅಂತ ಹೇಳ್ತೀನಿ. ನಾವು ಸ್ಟಾಫ್ ರೂಂ ಬಾಗಿಲಿಗೆ ಹೋದಾಗ ಅವರು ಎದ್ದು ಬಾಗಿಲ ತನಕ ಬಂದ್ರು. ಕೂತಲ್ಲಿಂದ್ಲೇ "ಬನ್ರೀ, ಕೂತ್ಕೊಳ್ಳಿ" ಅನ್ನೋದೇ ಬೇರೆ, ಎದ್ದು ಬರೋದೇ ಬೇರೆ. ಇವನು ಚಪ್ಪಲಿ ಕಳಚೋಕೆ ಬಗ್ಗಿದ. "ಹಾಕ್ಕೊಂಡೇ ಬನ್ನಿ, ನಾನೂ ಹಾಕ್ಕೊಂಡಿದೀನಿ ನೋಡಿ" ಅಂದ್ರು. ಸ್ಟಾಫ್ ರೂಂ ತುಂಬಾ ಜನ ಇದ್ರು, ಅಲ್ಲಿ ಬೇಡ ಅಂತ ಖಾಲಿ ಇದ್ದ ಕ್ಲಾಸಿಗೆ ಕರ್ಕೊಂಡು ಹೋದ್ರು. ಟೇಬಲ್ ಹಿಂದೆ ಹೋಗಿ ಕೂರ್ಲಿಲ್ಲ, ಅವನು ಕೂತ ಬೆಂಚಲ್ಲೇ ಪಕ್ಕಕ್ಕೆ ಕೂತ್ರು. ಯಾರು ಎಲ್ಲಿ ಕೂರಬೇಕು ಅನ್ನೋದು ನಮಗೆ ಸಣ್ಣ ವಿಷಯ ಅಲ್ಲ. ಬಾಬಾಸಾಹೇಬರು ಮನೆಯಿಂದ ಗೋಣಿತಟ್ಟು ತಗೊಂಡ್ಹೋಗಿ ಅದರ ಮೇಲೆ ಕೂತು ಓದಿದವರು.

ಆಮೇಲೆ ಮೇಡಂ ಆಡಿದ ಮೊದಲ ಮಾತು ಇದು: "ಕೂಲಿ ಬಿಟ್ಟು ಬಂದಿದೀರಿ, 20 ನಿಮಿಷದಲ್ಲಿ ಮುಗಿಸ್ತೀನಿ. ಮಗು ಏನೂ ತಪ್ಪು ಮಾಡಿಲ್ಲ. ಸ್ಕೂಲಿಂದ ತೆಗೆಯೋ ಮಾತೂ ಇಲ್ಲ." ಅಲ್ಲಿವರೆಗೂ ಬೆಂಚಿನ ತುದಿಯಲ್ಲಿ ಕೂತಿದ್ದವನು ಹಿಂದಕ್ಕೆ ಸರಿದು ಕೂತ. ಅವನಿಗೆ ಹೆದರಿಕೆ ಇದ್ದದ್ದು ಮಾರ್ಕ್ಸಿಂದಲ್ಲ. ಟಿಸಿ ಕೊಡ್ತಾರಾ, ದುಡ್ಡು ಕೇಳ್ತಾರಾ, ಹುಡುಗಿ ಏನಾದ್ರೂ ಮಾಡ್ಕೊಂಡಿದಾಳಾ ಅಂತ. ಮೇಡಂದು ಒಂದು ತಪ್ಪೂ ಇದೆ. ಈ ಮಾತನ್ನ ಫೋನಲ್ಲೇ ಹೇಳಿದ್ರೆ ಅವನು ಎರಡು ರಾತ್ರಿ ನಿದ್ದೆಗೆಡ್ತಿರ್ಲಿಲ್ಲ. ಇದನ್ನ ಅವರಿಗೇ ಹೇಳ್ದೆ, ಒಪ್ಕೊಂಡ್ರು.

ಎರಡನೇ ಮಾತು ಮಗುವಿನ ಬಗ್ಗೆ: "ಗೊತ್ತಿಲ್ಲದ ಲೆಕ್ಕಕ್ಕೆ ಪಕ್ಕದವರದ್ದು ನೋಡಿ ಬರೆಯಲ್ಲ ಇವಳು, ಜಾಗ ಖಾಲಿ ಬಿಡ್ತಾಳೆ." ಇದು ಹೊಗಳಿಕೆ ಅಲ್ಲ, ಕಂಡದ್ದು. "ಒಳ್ಳೆ ಹುಡುಗಿ, ಆದ್ರೆ" ಅಂತ ಶುರು ಮಾಡಿದ್ರೆ ಓದು ಬರದ ಅಪ್ಪನಿಗೂ ಮುಂದಿನ ಏಟು ಎಲ್ಲಿಂದ ಬರುತ್ತೆ ಅಂತ ಗೊತ್ತಾಗುತ್ತೆ.

ಅಷ್ಟರಲ್ಲಿ ಅವನು ಕೈ ಮುಗಿದು "ನಾಲ್ಕು ಬಾರ್ಸಿ ಮೇಡಂ, ನಾವೇನೂ ಕೇಳಲ್ಲ" ಅಂದ. ಎಷ್ಟೋ ಮೇಷ್ಟ್ರು ಇದನ್ನ ಒಪ್ಪಿಗೆ ಅಂದ್ಕೋತಾರೆ. ಇದು ಒಪ್ಪಿಗೆ ಅಲ್ಲ, ಮಗಳನ್ನ ಸ್ಕೂಲಲ್ಲಿ ಉಳಿಸ್ಕೊಳ್ಳೋಕೆ ಅಪ್ಪ ಕೊಡ್ತಿರೋ ಲಂಚ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನ ಹೊಡೆಯೋದನ್ನೂ, ಮನಸ್ಸಿಗೆ ನೋವಾಗೋ ಹಾಗೆ ಹಿಂಸಿಸೋದನ್ನೂ ನಿಷೇಧಿಸಿದೆ. ಮೇಡಂ ಕಾನೂನು ಹೇಳ್ಲಿಲ್ಲ. "ಹೊಡೆದ್ರೆ ಲೆಕ್ಕ ಬರಲ್ಲ ಅಪ್ಪಾ, ನಂಗೆ ನಿಮ್ಮಿಂದ ಬೇರೆ ಸಹಾಯ ಬೇಕು. ಜೂನ್‌ನಿಂದ ಈಚೆಗೆ ಮನೇಲಿ ಏನೇನಾಯ್ತು?" ಅಂತ ಕೇಳಿ ಸುಮ್ಮನೆ ಕೂತ್ರು. ನಾನು ಬಾಯಿ ಹಾಕೋಕೆ ಹೋದೆ, ಕೈಸನ್ನೆ ಮಾಡಿ ತಡೆದ್ರು.

ಅರ್ಧ ನಿಮಿಷ ಆದ್ಮೇಲೆ ಅವನು ಬಾಯಿ ಬಿಟ್ಟ. ಜುಲೈನಲ್ಲಿ ಹೆಂಡತಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಒಂದು ತಿಂಗಳು ಅಡುಗೆ, ನೀರು, ತಮ್ಮನ್ನ ನೋಡ್ಕೊಳ್ಳೋದು ಎಲ್ಲಾ ಈ ಹುಡುಗಿ ಮೇಲೇ ಬಿತ್ತು. ಹಾಜರಿ ಪುಸ್ತಕದಲ್ಲಿ ಅದು ಬರೀ "ಗೈರು". ಕಾರಣ ಕೇಳಿದಾಗ ಹುಡುಗಿ ನಾಚಿಕೊಂಡು ಜ್ವರ ಅಂದಿದ್ಲಂತೆ.

ಆಗ ಮೇಡಂ ಉತ್ತರ ಪತ್ರಿಕೆ ತೆಗೆದ್ರು. ಕೈಗೆ ಕೊಟ್ಟು "ಓದಿ" ಅನ್ಲಿಲ್ಲ, ಬೆರಳಿಟ್ಟು ತೋರಿಸ್ತಾ ಹೋದ್ರು. 80ಕ್ಕೆ 11. ನಂಬರ್ ಮುಚ್ಚಿಡ್ಲಿಲ್ಲ, ಅದು ಮುಖ್ಯ. ಮನಸ್ಸು ನೋಯುತ್ತೆ ಅಂತ "ಪರವಾಗಿಲ್ಲ, ಸುಧಾರಿಸ್ತಾಳೆ" ಅಂದು ಟೀ ಕೊಟ್ಟು ಕಳಿಸಿದ್ರೆ ಅದೂ ಮೋಸವೇ. ಅಪ್ಪ ಎಲ್ಲಾ ಸರಿ ಇದೆ ಅಂದ್ಕೊಂಡು ಹೋಗ್ತಾನೆ. ಅರ್ಧಕ್ಕಿಂತ ಹೆಚ್ಚು ಪುಟ ಖಾಲಿ ಇತ್ತು. ಬರೆದ ಕಡೆ ಒಂದೇ ತಪ್ಪು ಮತ್ತೆ ಮತ್ತೆ: 7 − (x − 3) ಇದ್ದದ್ದನ್ನ 7 − x − 3 ಅಂತ ಬಿಡಿಸಿದ್ಲು. ಆವರಣದ ಮುಂದೆ ಮೈನಸ್ ಬಂದ್ರೆ ಒಳಗಿನ ಚಿಹ್ನೆನೂ ಬದಲಾಗ್ಬೇಕು, −3 ಹೋಗಿ +3 ಆಗ್ಬೇಕು. ಅದನ್ನ ಮತ್ತೆ ಹೇಳಿಕೊಟ್ಟು ಬಹುಪದೋಕ್ತಿ ಪಾಠ ಮಾಡಿದ್ದು ಜುಲೈನಲ್ಲೇ. "ದಡ್ಡಿ ಅಲ್ಲ, ಆ ತಿಂಗಳು ಇರ್ಲಿಲ್ಲ ಅಷ್ಟೇ" ಅಂದ್ರು. ವಾರಕ್ಕೆ ಎರಡು ದಿನ, ಸ್ಕೂಲ್ ಬಿಟ್ಮೇಲೆ ಅರ್ಧ ಗಂಟೆ ಹೇಳ್ಕೊಡ್ತೀನಿ ಅಂತ ತೀರ್ಮಾನ ಆಯ್ತು.

ಈ ಭೇಟಿ ಸರಿಯಾಯ್ತು ಅಂತ ಹೇಗೆ ಗೊತ್ತಾಗುತ್ತೆ? ಪೋಷಕರು ಎಲ್ಲದಕ್ಕೂ "ಹೂಂ ಸಾ, ಹೂಂ ಮೇಡಂ" ಅಂತಿದ್ರೆ ಆಗಿಲ್ಲ ಅಂತ ಅರ್ಥ. ಅದು ಭಯದ ಹೂಂ, ನಮ್ಮವ್ವನ ಹೂಂ. ಅವರು ತಾವಾಗೇ ಒಂದು ಪ್ರಶ್ನೆ ಕೇಳಿದ್ರೆ ಆಯ್ತು ಅಂತ. ಇವನು ಕೇಳಿದ: "ನಂಗೆ ಓದೋಕೆ ಬರಲ್ಲ, ಮನೇಲಿ ನಾನೇನು ಮಾಡ್ಲಿ?" ಮೇಡಂ ಅಂದ್ರು, "ರಾತ್ರಿ ಪಾತ್ರೆ ತೊಳೆಯೋ ಕೆಲಸ ಅವಳಿಂದ ತಪ್ಪಿಸಿ. ಪುಸ್ತಕ ತೋರ್ಸು ಅನ್ನಿ. ಐದು ಲೆಕ್ಕ ಇದೆಯಾ ಎಣಿಸಿ, ಸಾಕು."

ಅವನು ಎಣಿಸ್ದ. ಪಾತ್ರೆನೂ ತೊಳೆದ. ವರ್ಷದ ಕೊನೆ ಪರೀಕ್ಷೆಯಲ್ಲಿ ಅವಳಿಗೆ ಗಣಿತದಲ್ಲಿ 80ಕ್ಕೆ 29 ಬಂತು. ಪವಾಡ ಏನಲ್ಲ, ಇನ್ನೂ ಕಷ್ಟ ಇದೆ. ಅವ್ವ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ರೆ ಅದನ್ನ ಯಾವ ಮೇಡಂ ಮಾತೂ ಸರಿ ಮಾಡಲ್ಲ. ಆದ್ರೆ ಆ ಹುಡುಗಿ ಯಾಕೆ ಹಿಂದೆ ಬಿದ್ಲು ಅನ್ನೋದು ಈಗ ಇಬ್ಬರಿಗೂ ಗೊತ್ತು.

ಮೇಷ್ಟ್ರೇ, ನಾಳೆ ನಿಮ್ಮ ಬಾಗಿಲಿಗೂ ಯಾರೋ ಬಂದು ಚಪ್ಪಲಿ ಕಳಚೋಕೆ ಬಗ್ತಾರೆ. ಎದ್ದು ಹೋಗಿ. ನಮ್ಮವ್ವನ ಹಾಗೆ ಹೇಳಲೇಬೇಕಾದ ಮಾತೊಂದನ್ನ ಅವರೂ ತಂದಿರಬಹುದು.

ಜೈ ಭೀಮ್.