ದುಪಟ್ಟಾದ ಕೆಳಗಿನ ಕತ್ತು

ಆನ್‌ಲೈನ್‌ನಲ್ಲಿ ಮಾರಾಟಕ್ಕಿಡುವ ಕುರ್ತಿಗಳ ಫೋಟೊ ನೋಡಿ ಎಐ ಮಾದರಿಯೊಂದು ಬಣ್ಣ, ಡಿಸೈನು, ಕತ್ತಿನ ಆಕಾರ ಬರೆದಿಡುತ್ತದೆ. ಬೇರಿಕೆಯ ಮನೆಯಲ್ಲಿ ಕೂತು ಅದನ್ನು ಪರೀಕ್ಷಿಸುವುದು ನನ್ನ ಕೆಲಸ. ಸರಿಯಿದ್ದರೆ ಒಪ್ಪಬೇಕು, ತಪ್ಪಿದ್ದರೆ ತಿದ್ದಬೇಕು.

ಒಂದು ದಿನ ನೀಲಿ ಕುರ್ತಿಯೊಂದು ಬಂತು. ‘ನೀಲಿ, ಬುಟ್ಟಾ, ರೌಂಡ್ ನೆಕ್’ ಅಂತ ಬರೆದಿತ್ತು. ಒಪ್ಪಿಬಿಟ್ಟೆ. ಪಕ್ಕದಲ್ಲಿದ್ದ ಅತ್ತೆ ಹೊಲಿಗೆ ಬಲ್ಲವರು. “ಕತ್ತು ಎಲ್ಲಮ್ಮಾ ಕಾಣ್ತದೆ? ದುಪಟ್ಟಾ ಮುಚ್ಚೈತಲ್ಲ!” ಅಂದರು. ಅದೇ ಕುರ್ತಿಯ ಇನ್ನೊಂದು ಫೋಟೊ ತೆರೆದೆ. ಅದರಲ್ಲಿ ದುಪಟ್ಟಾ ಇರಲಿಲ್ಲ. ಕತ್ತು ‘ವಿ’ ಆಕಾರದಲ್ಲಿತ್ತು.

ಹಾಗಾದರೆ ‘ರೌಂಡ್’ ಬಂದದ್ದು ಎಲ್ಲಿಂದ? ಮಾದರಿಗೆ ಕೊಟ್ಟ ಪಟ್ಟಿಯಲ್ಲಿ ರೌಂಡ್, ವಿ, ಬೋಟ್, ಕಾಲರ್ ಇಷ್ಟೇ ಇದ್ದವು. ಒಂದನ್ನು ಆರಿಸಲೇಬೇಕು. ಕಾಣದಿದ್ದಾಗ ಅದು ಹೆಚ್ಚಾಗಿ ಕಂಡದ್ದನ್ನೇ ಊಹಿಸುತ್ತದೆ, ಅದೂ ಅನುಮಾನವಿಲ್ಲದವರ ಹಾಗೆ. ನನ್ನ ತಪ್ಪು ಇನ್ನೂ ದೊಡ್ಡದು. ಮೊದಲು ‘ರೌಂಡ್’ ಅನ್ನೋ ಪದ ಓದಿದೆ, ಆಮೇಲೆ ಫೋಟೊ ನೋಡಿದೆ. ಕಣ್ಣು ಪದವನ್ನೇ ಕಂಡಿತು.

ಆಮೇಲೆ ಪಟ್ಟಿಗೆ ‘ಕಾಣುತ್ತಿಲ್ಲ’ ಸೇರಿಸಿದೆವು. ಒಂದು ಬಟ್ಟೆಯ ಎಲ್ಲಾ ಫೋಟೊಗಳನ್ನೂ ಒಟ್ಟಿಗೇ ಕೊಟ್ಟೆವು. ನಾನೀಗ ಮಾದರಿಯ ಉತ್ತರವನ್ನು ಮುಚ್ಚಿಟ್ಟು, ನನ್ನದನ್ನು ಬರೆದು, ಆಮೇಲೆ ಹೋಲಿಸುತ್ತೇನೆ. ನಿಧಾನ ಆಗ್ತದೆ, ನಿಜ. ಕೆಲವೊಮ್ಮೆ ಚೆನ್ನಾಗಿ ಕಾಣುವ ಕತ್ತಿಗೂ ಅದು ‘ಕಾಣುತ್ತಿಲ್ಲ’ ಅನ್ನುತ್ತದೆ. ಅವನ್ನೂ ತೆಗೆದು ನೋಡಬೇಕು. ಯಾವ ಫೋಟೊದಲ್ಲೂ ಕತ್ತು ಇಲ್ಲದಿದ್ದರೆ ಮಾರುವವರನ್ನೇ ಕೇಳುತ್ತೇವೆ. ಕೊಂಡವರು ಬಟ್ಟೆ ಬಿಚ್ಚಿ ನೋಡಿ ವಾಪಸ್ ಕಳಿಸೋದಕ್ಕಿಂತ ಅದು ವಾಸಿ.