ಗುಳಿಗೆ, ಬುತ್ತಿ ಮತ್ತು ಹತ್ತಿ ಹೊಲ

ಎರಡನೆಯ ಬಗೆಯ ಮಧುಮೇಹವಿರುವವರು ವ್ಯಾಯಾಮವನ್ನು ಯಾವ ಹೊತ್ತಿಗೆ ಮಾಡಬೇಕೆಂಬುದು ಅವರು ನುಂಗುವ ಗುಳಿಗೆ ಯಾವುದು, ಅದರ ಬೆನ್ನಿಗೆ ಊಟ ಯಾವಾಗ ಎಂಬುದನ್ನು ಅವಲಂಬಿಸಿರುತ್ತದೆ. ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಂಥ ಊರಿನಲ್ಲಿ ವ್ಯಾಯಾಮವೆಂದರೆ ವಾಕಿಂಗ್ ಮಾತ್ರವಲ್ಲ. ಹೊಲದ ದುಡಿಮೆಯೂ ವ್ಯಾಯಾಮವೇ, ಮತ್ತು ಅದು ವರ್ಷವಿಡೀ ಒಂದೇ ಪ್ರಮಾಣದಲ್ಲಿ ಇರುವುದಿಲ್ಲವಾದ್ದರಿಂದ ನಗರದವರಿಗೆ ಹೇಳುವ ಸಲಹೆ ಇಲ್ಲಿ ಹಾಗೆಯೇ ಹೊಂದುವುದಿಲ್ಲ.

ಈ ಕಾಯಿಲೆಗೆ ಹೆಚ್ಚಾಗಿ ಕೊಡುವ ಗುಳಿಗೆಗಳಲ್ಲಿ ಎರಡನ್ನು ಬೇರ್ಪಡಿಸಿ ನೋಡಬೇಕು. ಮೆಟ್‌ಫಾರ್ಮಿನ್ ಮುಖ್ಯವಾಗಿ ಯಕೃತ್ತು ರಕ್ತಕ್ಕೆ ಬಿಡುವ ಸಕ್ಕರೆಯನ್ನು ತಗ್ಗಿಸುತ್ತದೆ, ಅದೊಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವುದು ವಿರಳ. ಗ್ಲಿಮೆಪಿರೈಡ್ ಹಾಗಲ್ಲ, ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ಹೊಟ್ಟೆಯಲ್ಲಿ ಅನ್ನವಿದೆಯೋ ಇಲ್ಲವೋ ಎಂದು ಕಾಯುವುದಿಲ್ಲ, ಮತ್ತು ಸುಮಾರು ಎರಡು ಮೂರು ತಾಸಿನಲ್ಲಿ ಅದರ ಪ್ರಭಾವ ಜೋರಾಗುತ್ತದೆ. ದುಡಿಯುವ ಸ್ನಾಯುಗಳಾದರೋ ಇನ್ಸುಲಿನ್ನಿನ ನೆರವನ್ನು ಹೆಚ್ಚು ಬೇಡದೆಯೇ ರಕ್ತದಿಂದ ಸಕ್ಕರೆಯನ್ನು ಹೀರಿಕೊಳ್ಳುವುದರಿಂದ, ಗುಳಿಗೆಯ ಜೋರು ಮತ್ತು ಮೈಯ ಜೋರು ಖಾಲಿ ಹೊಟ್ಟೆಯಲ್ಲಿ ಒಂದಾದರೆ ಸಕ್ಕರೆ ಇಳಿದುಹೋಗುತ್ತದೆ. ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆಯಾದ ಈ ಸ್ಥಿತಿಯನ್ನು ವೈದ್ಯರು ಹೈಪೊಗ್ಲೈಸೀಮಿಯ ಎನ್ನುತ್ತಾರೆ.

ಉದಾಹರಣೆಗೆ, ಐವತ್ತು ದಾಟಿದ ಹತ್ತಿ ಬೆಳೆಗಾರನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಹತ್ತಿ ಬಿಡಿಸುವ ದಿನಗಳಲ್ಲಿ ಆತ ನಸುಕಿನಲ್ಲಿ ಚಹಾದೊಂದಿಗೆ ಎರಡೂ ಗುಳಿಗೆಗಳನ್ನು ನುಂಗಿ ಹೊಲಕ್ಕೆ ನಡೆಯುತ್ತಾನೆ, ಜೋಳದ ರೊಟ್ಟಿಯ ಬುತ್ತಿ ಬಿಚ್ಚುವುದು ಹತ್ತು ಗಂಟೆಯ ಮೇಲೆ. ಒಂಬತ್ತರ ಸುಮಾರಿಗೆ ಕೈ ನಡುಗಿ, ತಣ್ಣನೆಯ ಬೆವರು ಬಂದು, ಕಣ್ಣು ಮಂಜಾದರೆ ಅದನ್ನು ಬಿಸಿಲಿನ ಸುಸ್ತೆಂದು ಭಾವಿಸಿ ನೆರಳಿಗೆ ಹೋಗಿ ಮಲಗುವುದು ಸಹಜವಾದರೂ ಅಪಾಯಕಾರಿ, ಏಕೆಂದರೆ ನೀರು ಮತ್ತು ನೆರಳು ಈ ಸುಸ್ತನ್ನು ಕಳೆಯಲಾರವು. ಬೆರಳ ತುದಿಯ ಹನಿ ರಕ್ತದಿಂದ ಸಕ್ಕರೆ ಅಳೆಯುವ ಗ್ಲುಕೊಮೀಟರ್ 62 ತೋರಿಸಿದರೆ ಸಂಶಯ ತೀರುತ್ತದೆ. ಅದು ಕೈಯಲ್ಲಿಲ್ಲದಿದ್ದರೂ ತಡಮಾಡದೆ ಮೂರು ಚಹಾ ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಕಾದು, ಲಕ್ಷಣ ಹೋಗದಿದ್ದರೆ ಮತ್ತೆ ಅಷ್ಟೇ ಕುಡಿದು, ಆಮೇಲೆ ಬುತ್ತಿ ಉಣ್ಣಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಅವರನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಮರುದಿನದಿಂದ ಗುಳಿಗೆಯನ್ನೇ ಬಿಟ್ಟುಬಿಡುವುದು ಇದಕ್ಕೆ ಪರಿಹಾರವಲ್ಲ. ಎದ್ದ ಹೊತ್ತು, ಗುಳಿಗೆಯ ಹೊತ್ತು, ಉಂಡ ಹೊತ್ತು, ಸುಸ್ತು ಬಂದ ಹೊತ್ತು, ಇಷ್ಟನ್ನು ಒಂದು ವಾರ ಬರೆದಿಟ್ಟು ವೈದ್ಯರಿಗೆ ತೋರಿಸಿದರೆ, ಅವರು ಗ್ಲಿಮೆಪಿರೈಡನ್ನು ಮೊದಲ ಹೊಟ್ಟೆತುಂಬ ಊಟದ ಹೊತ್ತಿಗೆ ಸರಿಸಬಹುದು, ಅಥವಾ ಹೊಲಕ್ಕೆ ಹೊರಡುವ ಮುನ್ನವೇ ರೊಟ್ಟಿ ತಿನ್ನಲು ಹೇಳಬಹುದು. ಊಟದ ಜೊತೆ ನುಂಗಿದರೂ ಗುಳಿಗೆಯ ಜೋರಿನ ಹೊತ್ತು ದುಡಿಮೆಯ ನಡುವೆಯೇ ಬರುವುದರಿಂದ, ಬಿಡಿಸುವ ಹಂಗಾಮು ಮುಗಿಯುವವರೆಗೆ ಪ್ರಮಾಣವನ್ನೇ ಇಳಿಸುವುದೂ ಉಂಟು. ಹಂಗಾಮಿಗೆ ತಕ್ಕಂತೆ ಔಷಧ ಬದಲಾಗಬೇಕೆಂಬ ಈ ಮಾತನ್ನು ರೋಗಿಯೇ ಎತ್ತದಿದ್ದರೆ, ಆತನ ಹೊಲದ ದಿನಚರಿ ವೈದ್ಯರಿಗೆ ಗೊತ್ತಾಗುವ ದಾರಿಯಿಲ್ಲ. ರಕ್ತದೊತ್ತಡಕ್ಕೆ ಅಟೆನೊಲಾಲ್‌ನಂಥ ಗುಳಿಗೆ ನಡೆಯುತ್ತಿದ್ದರೆ ಅದನ್ನೂ ತಿಳಿಸಬೇಕು, ಏಕೆಂದರೆ ಅದು ಕೈನಡುಕ ಮತ್ತು ಎದೆಬಡಿತವನ್ನು ಮರೆಮಾಚಿ ಬೆವರೊಂದನ್ನೇ ಸೂಚನೆಯಾಗಿ ಉಳಿಸುತ್ತದೆ.

ಬೇಸಿಗೆಯಲ್ಲಿ ಕಷ್ಟ ತಿರುವುಮುರುವಾಗುತ್ತದೆ. ಬಿಸಿಲು 40 ಡಿಗ್ರಿ ದಾಟಿ ಹೊಲದ ಕೆಲಸ ನಿಂತಾಗ ಅದೇ ಊಟಕ್ಕೆ ಸಕ್ಕರೆ ಏರತೊಡಗುತ್ತದೆ, ಅದರಲ್ಲೂ ಅನ್ನ ಹೆಚ್ಚಿರುವ ರಾತ್ರಿಯೂಟದ ನಂತರ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದ ಯಾವುದೋ ಹೊತ್ತಿನಲ್ಲಿ ಒಮ್ಮೆಗೇ 30 ನಿಮಿಷ ನಡೆದಾಗ ಇದ್ದುದಕ್ಕಿಂತ ಪ್ರತಿ ಊಟದ ನಂತರ ಹತ್ತು ಹತ್ತು ನಿಮಿಷ ನಡೆದಾಗ ಊಟದ ಬಳಿಕದ ಸಕ್ಕರೆ ಸರಾಸರಿ ಶೇಕಡಾ 12ರಷ್ಟು ತಗ್ಗಿತ್ತು, ರಾತ್ರಿಯೂಟದ ಬಳಿಕ ಆ ಇಳಿಕೆ ಶೇಕಡಾ 22 ಆಗಿತ್ತು. ಸೂರ್ಯ ಮುಳುಗಿದ ಮೇಲಿನ ಆ ಹತ್ತು ನಿಮಿಷ ಈ ಸೀಮೆಗೆ ಬೆಳಗಿನ ನಡಿಗೆಗಿಂತ ಹೆಚ್ಚು ಹೊಂದುತ್ತದೆ. ಕಾಲಿನ ಸ್ಪರ್ಶ ಕುಗ್ಗಿದವರು ಅಂಗಳದಲ್ಲಿಯೂ ಬರಿಗಾಲಲ್ಲಿ ನಡೆಯಬಾರದು.

ಶ್ರಾವಣದ ಸೋಮವಾರ, ರಂಜಾನಿನ ಉಪವಾಸಗಳಲ್ಲಿ ಊಟದ ಹೊತ್ತೇ ಪಲ್ಲಟವಾಗುವುದರಿಂದ ಗುಳಿಗೆ ಮತ್ತು ದುಡಿಮೆ ಎರಡನ್ನೂ ಮರುಹೊಂದಿಸಬೇಕಾಗುತ್ತದೆ. ಆ ಕುರಿತು ವೈದ್ಯರನ್ನು ಕೇಳಬೇಕಾದದ್ದು ಉಪವಾಸ ಹಿಡಿಯುವುದಕ್ಕೆ ಕೆಲವು ವಾರ ಮೊದಲೇ.